‘ಯಾವುದು ಬೆಸ್ಟ್?’ ಎಂದು ಹುಡುಕುವವರಿಗೆ ಒಂದು ಶೀರ್ಷಿಕೆ

ಇಂಡಕ್ಷನ್ ಒಲೆ, ಇನ್‌ಫ್ರಾರೆಡ್ ಒಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಹಾಲು ಕಾಯಿಸಿ, ದೋಸೆ ಹುಯ್ದು ಒಬ್ಬರು ವಿಡಿಯೊ ಮಾಡಿದ್ದಾರೆ ಎನ್ನೋಣ. ಶೀರ್ಷಿಕೆ ‘ಒಲೆ ಕೊಳ್ಳುವ ಮುಂಚೆ ಇದನ್ನು ನೋಡಲೇಬೇಕು!’ ಈ ವಿಡಿಯೊ ಬೇಕಾಗಿರುವವರು ಯೂಟ್ಯೂಬಿನಲ್ಲಿ ಈ ಮಾತನ್ನು ಬರೆದು ಹುಡುಕುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಲಾಗದೆ ಕೂತವರು ಮೊದಲು ಬರೆಯುವುದು ಆ ಎರಡರ ಹೆಸರು, ಆಮೇಲೆ ಪ್ರಶ್ನೆ.

ಅದನ್ನು ಅವರು ಹೇಗೆ ಬರೆಯುತ್ತಾರೆಂದು ಊಹಿಸಬೇಕಿಲ್ಲ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ತೆರೆದು, ಯೂಟ್ಯೂಬಿನ ಹುಡುಕುಪೆಟ್ಟಿಗೆಯಲ್ಲಿ `induction vs` ಎಂದಿಷ್ಟೇ ಬರೆದು ನಿಲ್ಲಿಸಿದರೆ ಕೆಳಗೆ ಸಲಹೆಗಳ ಸಾಲು ಇಳಿಯುತ್ತದೆ. ನಮ್ಮ ಮಾಮೂಲಿ ಖಾತೆಯಲ್ಲೇ ನೋಡಿದರೆ ನಮ್ಮದೇ ಹಳೆಯ ಹುಡುಕಾಟಗಳು ಅದರಲ್ಲಿ ಬೆರೆಯುತ್ತವೆ. ಆಮೇಲೆ ಅದೇ ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, `yavudu best` ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಬರೆದು ನೋಡಬೇಕು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಅಕ್ಷರ ಒತ್ತುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಲಹೆ ಸಿಕ್ಕಿತೆಂದರೆ ಹಾಗೆ ಹುಡುಕುವವರಿದ್ದಾರೆ ಎಂದರ್ಥ. ಎಷ್ಟು ಜನ ಎಂಬುದು ಮಾತ್ರ ಅದರಿಂದ ತಿಳಿಯದು.

ಈಗ ಶೀರ್ಷಿಕೆ ಹೀಗಾಗಬಹುದು:

`Induction vs Infrared Stove: ಮನೆಗೆ ಯಾವುದು ಬೆಸ್ಟ್?`

ಯೂಟ್ಯೂಬ್ 100 ಅಕ್ಷರಗಳವರೆಗೆ ಬಿಟ್ಟರೂ ಫೋನಿನ ಪರದೆಯಲ್ಲಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ. ಆದ್ದರಿಂದ ಎರಡೂ ಹೆಸರು ಮುಂದೆಯೇ ಇರಬೇಕು. ಚಾನೆಲ್ಲಿನ ಹೆಸರು, ‘ಭಾಗ 2’, ಉದ್ಗಾರಗಳು ಮುಂದೆ ಕೂತರೆ ಎರಡನೇ ಒಲೆಯ ಹೆಸರೇ ಕಾಣೆಯಾಗುತ್ತದೆ. ಮಾಡೆಲ್ ನಂಬರಿನದೂ ಇದೇ ಕಥೆ. ಒಲೆಯ ಜಾತಿಯನ್ನೇ ಇನ್ನೂ ತೀರ್ಮಾನಿಸದವರಿಗೆ ನಂಬರು ಯಾಕೆ?

‘ಮನೆಗೆ’ ಎಂಬ ಪದಕ್ಕೆ ಇಲ್ಲಿ ಹೆಚ್ಚು ಬೆಲೆ, ಏಕೆಂದರೆ ಯಾವುದು ಮೇಲು ಎಂಬುದು ಯಾರಿಗೆ ಎಂಬುದರ ಮೇಲೆ ನಿಂತಿದೆ. ಇಂಡಕ್ಷನ್ನಿಗೆ ಅಯಸ್ಕಾಂತ ಅಂಟುವ ತಳದ ಪಾತ್ರೆಯೇ ಬೇಕು. ಇನ್‌ಫ್ರಾರೆಡ್ ಮೇಲೆ ಅಲ್ಯೂಮಿನಿಯಂ ಪಾತ್ರೆಯೂ ನಡೆಯುತ್ತದೆ. ಹಾಗಾಗಿ ‘ಹಳೇ ಪಾತ್ರೆಗೆ ಯಾವುದು ಬೆಸ್ಟ್?’ ಎಂಬುದೇ ಬೇರೆ ಪ್ರಶ್ನೆ. ಅದಕ್ಕೆ ಉತ್ತರವೂ ಬೇರೆ, ಬಹುಶಃ ವಿಡಿಯೊ ಕೂಡ. ಕರೆಂಟ್ ಬಿಲ್ ಅಳೆಯದೆ ಶೀರ್ಷಿಕೆಯಲ್ಲಿ ಬಿಲ್ ಎಂದು ಬರೆಯುವುದಂತೂ ಶುದ್ಧ ಮೋಸ.

ಶೀರ್ಷಿಕೆ ಕೆಲಸ ಮಾಡಿತೇ ಎಂಬುದು ಯೂಟ್ಯೂಬ್ ಸ್ಟುಡಿಯೊದ ಲೆಕ್ಕದಲ್ಲಿ ಕಾಣುತ್ತದೆ. ಹುಡುಕಾಟದಲ್ಲಿ ವಿಡಿಯೊ ಬೇಕಾದಷ್ಟು ಸಲ ಕಾಣಿಸಿಕೊಂಡೂ ಜನ ಒತ್ತದಿದ್ದರೆ ಶೀರ್ಷಿಕೆ ಅಥವಾ ಥಂಬ್‌ನೇಲ್ ಮೇಲೆ ಅನುಮಾನ ಪಡಬೇಕು. ಒತ್ತಿದವರು ಮೊದಲ ಅರ್ಧ ನಿಮಿಷದಲ್ಲೇ ಹೊರಟುಹೋಗುತ್ತಿದ್ದರೆ, ಕೇಳಿದ್ದೊಂದು, ವಿಡಿಯೊ ಶುರುವಾದದ್ದು ಇನ್ನೊಂದು ಎಂದು ಶಂಕಿಸಬಹುದು. ಆಗ ಶೀರ್ಷಿಕೆಗಿಂತ ಮೊದಲು ಡಬ್ಬ ಬಿಚ್ಚುವ ದೃಶ್ಯಕ್ಕೆ ಕತ್ತರಿ ಹಾಕಿ, ತೀರ್ಪನ್ನು ಮುಂದಕ್ಕೆ ತರಬೇಕು. ಅದೇ ಲೆಕ್ಕದಲ್ಲಿ ವೀಕ್ಷಕರು ಯಾವ ಪದ ಬರೆದು ಬಂದರೆಂಬ ಪಟ್ಟಿಯೂ ಇರುತ್ತದೆ. ಅಲ್ಲಿ `infrared stove aluminium vessel` ಮತ್ತೆ ಮತ್ತೆ ಕಂಡರೆ, ಮುಂದಿನ ವಿಡಿಯೊದ ಶೀರ್ಷಿಕೆಯನ್ನು ನೋಡುಗರೇ ಬರೆದುಕೊಟ್ಟಂತಾಯಿತು.