ಬಾಗಿಲು ತಿರುಗುವುದು ಒಂದು ಗೆರೆಯ ಮೇಲೆ

ಮುಂಬಾಗಿಲು 1050 ಮಿ.ಮೀ., ಕೋಣೆಯದು 900, ಬಚ್ಚಲಿನದು 750. ಕಟ್ಟಡದ ನಕ್ಷೆ ಬರೆಯುವವರು ರೆವಿಟ್ ತಂತ್ರಾಂಶದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಬಾಗಿಲು ಬರೆಯುವುದಿಲ್ಲ. ಅಳತೆ ಕೊಟ್ಟಂತೆ ಹಿಗ್ಗುವ, ಕುಗ್ಗುವ ಒಂದೇ ಬಾಗಿಲನ್ನು ಮಾಡಿಟ್ಟುಕೊಳ್ಳುತ್ತಾರೆ. ಅದಕ್ಕೆ ‘ಫ್ಯಾಮಿಲಿ’ ಎಂದು ಹೆಸರು.

ಹೊಸ ಫ್ಯಾಮಿಲಿಗೆ Metric Door ಎಂಬ ಸಿದ್ಧ ಟೆಂಪ್ಲೇಟ್ ತೆರೆದರೆ ಗೋಡೆಯ ತುಂಡು, ಅದರಲ್ಲೊಂದು ಕಿಂಡಿ, Width ಮತ್ತು Height ಎಂಬ ಅಳತೆಗಳು ಮೊದಲೇ ಇರುತ್ತವೆ. ಅಳತೆಗಳು ಹಿಡಿದುಕೊಂಡಿರುವುದು ಕಿಂಡಿಯ ಅಂಚಿನಲ್ಲಿರುವ ರೆಫರೆನ್ಸ್ ಪ್ಲೇನ್‌ಗಳನ್ನು. ಚೌಕಟ್ಟಿನ ಅಂಚನ್ನು ಆ ಪ್ಲೇನ್‌ಗೆ ಸರಿಹೊಂದಿಸಿ ಬೀಗದ ಗುರುತು ಒತ್ತಿದರೆ, ಪ್ಲೇನ್ ಸರಿದಾಗ ಚೌಕಟ್ಟೂ ಸರಿಯುತ್ತದೆ. ಹಲಗೆಯ ಅಗಲವನ್ನು ಮಾತ್ರ ಲೆಕ್ಕ ಹಾಕಿಸಬೇಕು:

```
Panel Width = Width - 2 * Frame Width
```

ಕಿಂಡಿ 900, ಚೌಕಟ್ಟು ಒಂದೊಂದು ಬದಿಗೆ 60 ಇದ್ದರೆ ಹಲಗೆ 780 ಆಗುತ್ತದೆ.

ನಿಜವಾದ ತೊಡಕು ಬರುವುದು ತೆರೆಯುವ ಕೋನದಲ್ಲಿ. ಹಲಗೆಯನ್ನೂ ಪ್ಲೇನ್‌ಗೇ ಕಟ್ಟಿ ತಿರುಗಿಸಲು ಹೋದವರು ಬಹಳ. ಪ್ಲೇನ್‌ಗೆ ತುದಿಯಿಲ್ಲ, ಆದ್ದರಿಂದ ಯಾವ ಬಿಂದುವಿನ ಸುತ್ತ ತಿರುಗಬೇಕೆಂಬುದು ಅದಕ್ಕೆ ನಿಶ್ಚಿತವಿಲ್ಲ. ಇಲ್ಲಿ ಬೇಕಾದದ್ದು ರೆಫರೆನ್ಸ್ ಲೈನ್. ಅದಕ್ಕೆ ಎರಡು ತುದಿಗಳಿವೆ. ಒಂದು ತುದಿಯನ್ನು ಕೀಲು ಕೂರುವ ಜಾಗಕ್ಕೆ ತಂದು, ಅಲ್ಲಿ ಕೂಡುವ ಎರಡೂ ಪ್ಲೇನ್‌ಗಳಿಗೆ ಒಂದೊಂದಾಗಿ ಬೀಗ ಹಾಕಬೇಕು. ಬಳಿಕ ಗೆರೆಗೂ ಗೋಡೆಗೂ ನಡುವಿನ ಕೋನಕ್ಕೆ Swing ಎಂದು ಹೆಸರು ಕೊಟ್ಟು, ಗೆರೆಯನ್ನೇ ವರ್ಕ್ ಪ್ಲೇನ್ ಮಾಡಿಕೊಂಡು ಹಲಗೆ ಬರೆಯಬೇಕು. ಒಂದೇ ಪ್ಲೇನ್‌ಗೆ ಬೀಗ ಹಾಕಿ ಬಿಟ್ಟರೆ 90 ಡಿಗ್ರಿಯಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. 30ಕ್ಕೆ ಇಳಿಸಿದಾಗ ಹಲಗೆ ಚೌಕಟ್ಟಿನಿಂದ ಕಿತ್ತುಬಂದು ಗಾಳಿಯಲ್ಲಿ ನಿಲ್ಲುತ್ತದೆ.

ಅದಕ್ಕೇ ಪ್ರತಿ ಹಂತದಲ್ಲೂ ಅಳತೆ ಬದಲಿಸಿ ನೋಡಬೇಕು, ಕೊನೆಗಲ್ಲ. ಅಗಲ 750, ಆಮೇಲೆ 1200; ಎತ್ತರ 2100, 2400; ಕೋನ 30, 135. Constraints are not satisfied ಎಂಬ ಸಂದೇಶ ಬಂದರೆ ಎರಡು ಬೀಗಗಳು ಒಂದೇ ಅಂಚನ್ನು ಬೇರೆ ಬೇರೆ ಕಡೆಗೆ ಎಳೆಯುತ್ತಿವೆ ಎಂದು ತಿಳಿಯಬೇಕು. ಈಗಷ್ಟೇ ಹಾಕಿದ ಬೀಗವನ್ನು ಮೊದಲು ಬಿಡಿಸಿ. ಕೋನಕ್ಕೆ ನೇರ 0 ಕೊಟ್ಟರೆ ಹಿಡಿತ ತಪ್ಪುವುದುಂಟು. ಮುಚ್ಚಿದ ಬಾಗಿಲಿಗೆ 0.1 ಡಿಗ್ರಿ ಕೊಡುವುದು ವಾಸಿ, ಕಣ್ಣಿಗೆ ವ್ಯತ್ಯಾಸ ಕಾಣದು.

ಅಗಲ, ಎತ್ತರಗಳನ್ನು ಟೈಪ್ ಅಳತೆಗಳಾಗಿಯೇ ಇಡಿ. ಆಗ ಬಚ್ಚಲಿನ ಬಾಗಿಲನ್ನು 750ರಿಂದ 800ಕ್ಕೆ ಏರಿಸಿದರೆ ಮನೆಯಲ್ಲಿರುವ ಆ ಟೈಪಿನ ಎಲ್ಲ ಬಾಗಿಲುಗಳೂ ಒಟ್ಟಿಗೆ ಬದಲಾಗುತ್ತವೆ. Swing ಮಾತ್ರ ಇನ್‌ಸ್ಟನ್ಸ್ ಅಳತೆಯಾಗಿರಲಿ: ಮಂಚಕ್ಕೆ ತಾಗುವ ಒಂದು ಬಾಗಿಲನ್ನಷ್ಟೇ 70 ಡಿಗ್ರಿಗೆ ನಿಲ್ಲಿಸಿದರೆ ಉಳಿದವು 90ರಲ್ಲೇ ಇರುತ್ತವೆ.