ರಾತ್ರಿ ಎರಡಕ್ಕೆ ಸರ್ವರ್ ಕೈಕೊಟ್ಟರೆ ಯಾರು ಏನು ಮಾಡಬೇಕು?

2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೆದ್ದ ವಿಮಾನವೊಂದಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳು ಸೋತವು. ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದ್ದೂ, ಅದರಲ್ಲಿದ್ದ 155 ಜನರೂ ಬದುಕಿದ್ದೂ ಸಿನಿಮಾ ಆಗಿ ಎಲ್ಲರಿಗೂ ಗೊತ್ತಿದೆ. ಆದರೆ ಆಗ ಪಕ್ಕದ ಸೀಟಿನಲ್ಲಿದ್ದ ಸಹಪೈಲಟ್ ಒಂದು ಚೆಕ್‌ಲಿಸ್ಟ್ ಓದುತ್ತಿದ್ದರು ಎಂಬ ಸಂಗತಿಯನ್ನು ನೆನಪಿಟ್ಟವರು ಕಡಿಮೆ. ಎರಡೂ ಎಂಜಿನ್ ಕೆಟ್ಟಾಗ ಏನು ಮಾಡಬೇಕೆಂಬ ಆ ಪಟ್ಟಿ ಮೂರು ಪುಟ ಉದ್ದವಿತ್ತು. ಬರೆದವರು ವಿಮಾನ 20,000 ಅಡಿಗಿಂತ ಮೇಲಿರುತ್ತದೆ, ಸಾಕಷ್ಟು ಸಮಯ ಸಿಗುತ್ತದೆ ಎಂದುಕೊಂಡಿದ್ದರು. ಈ ವಿಮಾನ ಇದ್ದದ್ದು 3,000 ಅಡಿಗಿಂತ ಕೆಳಗೆ, ಉಳಿದಿದ್ದು ಸುಮಾರು ಮೂರೂವರೆ ನಿಮಿಷ. ಪಟ್ಟಿಯ ಮೊದಲ ಭಾಗವೇ ಪೂರ್ತಿ ಮುಗಿಯಲಿಲ್ಲ. ನೀರಿಗಿಳಿಯುವಾಗ ಒತ್ತಬೇಕಾದ ಗುಂಡಿ ಇದ್ದದ್ದು ಕೊನೆಯ ಭಾಗದಲ್ಲಿ, ಅದನ್ನು ಯಾರೂ ಒತ್ತಲಿಲ್ಲ. ಪಟ್ಟಿಯಲ್ಲಿ ತಡವಾಗಿ ಬರುವ ಸಹಾಯಕ ವಿದ್ಯುತ್ ಘಟಕವನ್ನು ಮಾತ್ರ ಕ್ಯಾಪ್ಟನ್ ಯಾರನ್ನೂ ಕೇಳದೆ, ಪಟ್ಟಿಗೂ ಕಾಯದೆ, ಮೊದಲೇ ಚಾಲೂ ಮಾಡಿದ್ದರು.

ಪಟ್ಟಿಯಲ್ಲಿ ಬರೆದದ್ದು ತಪ್ಪಾಗಿರಲಿಲ್ಲ. ಅದು ಬೇರೊಂದು ಎತ್ತರಕ್ಕೆ, ಬೇರೊಂದು ವೇಳೆಗೆ ಬರೆದದ್ದಾಗಿತ್ತು ಅಷ್ಟೆ.

ನಮ್ಮ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಬೀರುಗಳಲ್ಲಿರುವ ‘ಬಿಸಿನೆಸ್ ಕಂಟಿನ್ಯುಟಿ ಪ್ಲಾನ್’ ಎಂಬ ದಪ್ಪ ಫೈಲಿನ ಕತೆಯೂ ಇದೇ. ಕೆಲಸ ನಿಂತುಹೋದರೆ ಮತ್ತೆ ನಡೆಸುವುದು ಹೇಗೆಂದು ಹೇಳುವ ಯೋಜನೆ ಅದು. ಆಡಿಟರ್‌ಗೆ ತೋರಿಸಲು, ಬಜೆಟ್ ಕೇಳಲು, ವಾರಗಟ್ಟಲೆ ನಡೆಯುವ ಚೇತರಿಕೆಗೆ ಅದು ಬೇಕೇ ಬೇಕು. ಮೊದಲ ಒಂದು ಗಂಟೆಗೆ ಮಾತ್ರ ಅದು ಒದಗುವುದಿಲ್ಲ. ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿರುವವರು ಅದನ್ನು ಬರೆದವರಲ್ಲ, ಬಹುಪಾಲು ಓದಿದವರೂ ಅಲ್ಲ.

ಇದಕ್ಕೆ ಅಮೆರಿಕದ ಆಸ್ಪತ್ರೆಗಳು ಮೂರು ದಶಕಗಳ ಹಿಂದೆಯೇ ಒಂದು ದಾರಿ ಕಂಡುಕೊಂಡವು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 1991ರ ಹೊತ್ತಿಗೆ ರೂಪುಗೊಂಡ ಆಸ್ಪತ್ರೆ ತುರ್ತು ವ್ಯವಸ್ಥೆಯಲ್ಲಿ ಪ್ರತಿ ಹುದ್ದೆಗೂ ಒಂದೊಂದು ‘ಜಾಬ್ ಆ್ಯಕ್ಷನ್ ಶೀಟ್’ ಇತ್ತು. ಈಗ ಬಳಕೆಯಲ್ಲಿರುವ ರೂಪದಲ್ಲಿ ತಕ್ಷಣದ ಎರಡು ಗಂಟೆಯ ಕೆಲಸ ಬೇರೆ, ಆಮೇಲಿನದು ಬೇರೆ. ಪ್ರತಿ ಸಾಲಿನ ಪಕ್ಕದಲ್ಲೂ ವೇಳೆ ಮತ್ತು ಸಹಿಗೆ ಜಾಗ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇದೇ ಮಾದರಿಯನ್ನು ‘ಆ್ಯಕ್ಷನ್ ಕಾರ್ಡ್’ ಎನ್ನುತ್ತಾರೆ. ಇಂಥ ಕಾರ್ಡನ್ನು ನಮ್ಮಲ್ಲಿ ಮಾಡುವುದು ಹೇಗೆ?

ಜಿಲ್ಲಾ ಕೇಂದ್ರವೊಂದರಲ್ಲಿ ನೂರು ಹಾಸಿಗೆಯ ಖಾಸಗಿ ಆಸ್ಪತ್ರೆ ಇದೆ ಎಂದುಕೊಳ್ಳೋಣ. ರಾತ್ರಿ 2:10. ಲ್ಯಾಬಿನ ಹುಡುಗಿ ರಿಪೋರ್ಟ್ ತೆರೆಯಲು ಹೋದರೆ ಫೈಲ್ ತೆರೆಯುವುದಿಲ್ಲ. ಎಲ್ಲ ಫೈಲುಗಳ ಹೆಸರಿಗೂ ಎಂದೂ ಕಾಣದ ಬಾಲವೊಂದು ಅಂಟಿಕೊಂಡಿದೆ. ತೆರೆಯ ಮೇಲೆ ಹಣ ಕೇಳುವ ಇಂಗ್ಲಿಷ್ ಟಿಪ್ಪಣಿ. ಇದು ರ್‍ಯಾನ್ಸಮ್‌ವೇರ್. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ಗೆ ಬಡಿದದ್ದೂ ಇಂಥದ್ದೇ. ಅಲ್ಲಿ ಹೊರರೋಗಿಗಳ ನೋಂದಣಿಯಿಂದ ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ಒಂದು ವಾರಕ್ಕೂ ಹೆಚ್ಚು ಕಾಲ ಕೈಯಲ್ಲೇ ಬರೆದು ನಡೆಸಬೇಕಾಯಿತು.

ನಮ್ಮ ಆಸ್ಪತ್ರೆಯ ಯೋಜನೆಯಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಅದರ ಸಾಲುಗಳು ಹೀಗಿರುತ್ತವೆ: ‘ಘಟನೆಯ ಬಗ್ಗೆ ಐಟಿ ವಿಭಾಗದ ಮುಖ್ಯಸ್ಥರ ಗಮನಕ್ಕೆ ತರತಕ್ಕದ್ದು. ಪರಿಣಾಮವನ್ನು ಅಂದಾಜಿಸಿ, ಆಡಳಿತ ಮಂಡಳಿಯ ಅನುಮೋದನೆಯೊಂದಿಗೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಗಮನಕ್ಕೆ ತರುವವರು ಯಾರು? ಐಟಿ ಮುಖ್ಯಸ್ಥರು ಮನೆಯಲ್ಲಿ ಮಲಗಿದ್ದಾರೆ. ಇಂಟರ್‌ಕಾಮ್ ಓಡುವುದು ಅದೇ ನೆಟ್‌ವರ್ಕಿನ ಮೇಲೆ. ಯೋಜನೆಯ ಫೈಲ್ ಇರುವುದು ಈಗ ಬೀಗ ಬೀಳುತ್ತಿರುವ ಅದೇ ಸರ್ವರ್‌ನಲ್ಲಿ. ಅನುಮೋದನೆ ಸಿಗುವಷ್ಟರಲ್ಲಿ ಬ್ಯಾಕಪ್ ಕೂಡ ಹೋಗಿರುತ್ತದೆ.

ಕಾರ್ಡ್ ಮಾಡಲು ಕೂತವರು ಯೋಜನೆಯನ್ನು ಚಿಕ್ಕದು ಮಾಡಲು ಹೊರಡುತ್ತಾರೆ. ಎಡವುವುದೇ ಅಲ್ಲಿ. ನೂರು ಪುಟವನ್ನು ಹತ್ತು ಪುಟ ಮಾಡಿದರೂ ‘ಸೂಕ್ತ ಕ್ರಮ’ ಸೂಕ್ತ ಕ್ರಮವಾಗಿಯೇ ಉಳಿಯುತ್ತದೆ. ಮಾಡಬೇಕಾದದ್ದು ಬೇರೆ. ಯೋಜನೆಯಲ್ಲಿ ಕರ್ತೃ ಇಲ್ಲದ ಒಂದೊಂದು ವಾಕ್ಯವನ್ನೂ ಹಿಡಿದು ‘ರಾತ್ರಿ ಎರಡು ಗಂಟೆಗೆ ಇದನ್ನು ಮಾಡುವ ಕೈ ಯಾವುದು? ಆ ಕೈಗೆ ಅಧಿಕಾರ ಇದೆಯೇ?’ ಎಂದು ಕೇಳಬೇಕು. ಅಧಿಕಾರ ಇಲ್ಲದಿದ್ದರೆ ಹಗಲು ಹೊತ್ತಿನಲ್ಲಿ, ಮೇಜಿನ ಸುತ್ತ ಕೂತು, ನಿರ್ದೇಶಕರ ಸಹಿಯೊಂದಿಗೆ ಅದನ್ನು ಕೊಟ್ಟುಬಿಡಬೇಕು. ಕಾರ್ಡಿನ ಅತಿ ಬೆಲೆಬಾಳುವ ಸಾಲು ಸಾಮಾನ್ಯವಾಗಿ ಒಂದೇ: ‘ಇದಕ್ಕೆ ಯಾರ ಅನುಮತಿಯೂ ಬೇಡ.’

ಮೊದಲ ಕಾರ್ಡ್ ಯಾವ ಹುದ್ದೆಯದೂ ಅಲ್ಲ, ಮೊದಲು ಕಂಡವರದು. ಪ್ರತಿ ಕಂಪ್ಯೂಟರ್ ಪಕ್ಕದಲ್ಲೂ ಅಂಟಿಸಿರುವುದು:

‘ವಿಚಿತ್ರ ಟಿಪ್ಪಣಿ ಕಂಡರೆ ಅಥವಾ ಫೈಲುಗಳ ಹೆಸರು ಬದಲಾಗಿದ್ದರೆ — ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಅನುಮತಿ ಬೇಡ. ಕಂಪ್ಯೂಟರ್ ಆಫ್ ಮಾಡಬೇಡಿ. ಪೆನ್‌ಡ್ರೈವ್ ಹಾಕಬೇಡಿ. ತೆರೆಯ ಫೋಟೊ ತೆಗೆಯಿರಿ. ವೇಳೆ ಬರೆದಿಡಿ. ನಿಮ್ಮ ಮೊಬೈಲ್‌ನಿಂದ ರಾತ್ರಿ ಸೂಪರ್‌ವೈಸರ್‌ಗೆ ಫೋನ್ ಮಾಡಿ.’

ಆಫ್ ಮಾಡಬೇಡಿ ಎನ್ನುವುದಕ್ಕೆ ಕಾರಣವಿದೆ. ವಿದ್ಯುತ್ ಹೋದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿರುವ ಸುಳಿವುಗಳು ಅಳಿಸಿಹೋಗುತ್ತವೆ. ಕೇಬಲ್ ಕೀಳಲು ಆಗದೇ ಇದ್ದಾಗ ಮಾತ್ರ ಆಫ್ ಮಾಡುವುದು. ಆದರೆ ಈ ಕಾರಣ ಕಾರ್ಡಿನ ಮೇಲೆ ಇರಬಾರದು. ಕಾರಣಕ್ಕೆ ಜಾಗ ತರಬೇತಿಯಲ್ಲಿ.

ಎರಡನೆಯದು ರಾತ್ರಿ ಸೂಪರ್‌ವೈಸರ್ ಸಿಸ್ಟರದು. ಅವರ ಮೊದಲ ಸಾಲು ಒಂದು ತೀರ್ಮಾನ: ‘ಹಣ ಕೇಳುವ ಟಿಪ್ಪಣಿ ಒಂದು ಕಡೆ ಕಂಡರೂ ಸಾಕು, ಅಥವಾ ಎರಡು ವಿಭಾಗಗಳಲ್ಲಿ 15 ನಿಮಿಷ ಸಿಸ್ಟಮ್ ಇಲ್ಲದಿದ್ದರೆ — ಕಾಗದದ ವ್ಯವಸ್ಥೆಗೆ ಬಂದಿದ್ದೇವೆ ಎಂದು ಘೋಷಿಸಿ.’ ಈ ಗುರುತು ಇಷ್ಟು ಸ್ಪಷ್ಟವಾಗಿರದಿದ್ದರೆ ‘ಇನ್ನೈದು ನಿಮಿಷ ನೋಡೋಣ, ಸರಿಹೋಗಬಹುದು’ ಎನ್ನುತ್ತಲೇ ಗಂಟೆ ಕಳೆದುಹೋಗುತ್ತದೆ. ಮುಂದಿನ ಸಾಲುಗಳು ಫೋನಿನವು. ಎರಡು ಬಾರಿ ರಿಂಗಾಗಿಯೂ ಎತ್ತದಿದ್ದರೆ ಮುಂದಿನ ನಂಬರ್, ಮತ್ತೆ ಮೊದಲಿನವರಿಗಾಗಿ ಕಾಯುವಂತಿಲ್ಲ. ಅರ್ಧ ಗಂಟೆಯ ಗೆರೆಯಲ್ಲಿ ಡ್ಯೂಟಿ ಡಾಕ್ಟರ ಜೊತೆ ಒಂದೇ ಪ್ರಶ್ನೆ: ಹೊಸ ತುರ್ತು ರೋಗಿಗಳನ್ನು ತೆಗೆದುಕೊಳ್ಳುವುದೇ, ಪಕ್ಕದ ಆಸ್ಪತ್ರೆಗೆ ಕಳಿಸುವುದೇ?

ಐಟಿಯವರ ಕಾರ್ಡಿನಲ್ಲಿ ಮಾಡಬೇಡಿ ಎನ್ನುವುದೇ ಹೆಚ್ಚು. ಇಂಟರ್ನೆಟ್ ಮತ್ತು ಹೊರಗಿನಿಂದ ಒಳಬರುವ ಸಂಪರ್ಕ ಕತ್ತರಿಸಿ, ಬ್ಯಾಕಪ್ ಡಿಸ್ಕನ್ನು ನೆಟ್‌ವರ್ಕಿನಿಂದ ಬಿಡಿಸಿ. ಅದು ಕಾವಲುಗಾರನ ಕೈಯಿಂದ, ಫೋನಿನಲ್ಲಿ ಹೇಳಿಸಿ ಆದರೂ ಸರಿ, ಅದಕ್ಕಾಗಿ ಆ ಕೇಬಲ್ಲಿಗೆ ಮೊದಲೇ ಕೆಂಪು ಟೇಪ್ ಸುತ್ತಿರಬೇಕು. ಆಮೇಲೆ ನಿಲ್ಲಿ. ಮೊದಲ ಗಂಟೆಯಲ್ಲಿ ಬ್ಯಾಕಪ್‌ನಿಂದ ಏನನ್ನೂ ಮರಳಿ ತರಲು ಹೋಗಬೇಡಿ. ಕಳ್ಳ ಇನ್ನೂ ಮನೆಯೊಳಗಿರುವಾಗ ಹೊಸ ಬೀರು ತಂದಿಟ್ಟ ಹಾಗಾಗುತ್ತದೆ.

ಕಾರ್ಡು ಬರೆಯುವ ಕೆಲಸ ಯೋಜನೆಯ ಬಣ್ಣ ಬಯಲು ಮಾಡುವುದು ವಾರ್ಡಿನಲ್ಲಿ. ಸಿಸ್ಟರ ಕಾರ್ಡಿನ ಮೊದಲ ಸಾಲು ಹೀಗಿರಬೇಕಾಗುತ್ತದೆ: ‘ಕೆಂಪು ಪೆಟ್ಟಿಗೆ ತೆರೆದು, ಇತ್ತೀಚಿನ ಔಷಧ ಪಟ್ಟಿಯ ಪ್ರಿಂಟ್ ತೆಗೆದುಕೊಳ್ಳಿ.’ ಯಾವ ಪ್ರಿಂಟ್? ಯಾರಿಗೆ ಯಾವ ಇಂಜೆಕ್ಷನ್, ಕೊನೆಯ ಡೋಸ್ ಎಷ್ಟು ಹೊತ್ತಿಗೆ, ಯಾವ ಔಷಧ ಅಲರ್ಜಿ, ಎಲ್ಲವೂ ಇರುವುದು ಕಂಪ್ಯೂಟರಿನಲ್ಲಿ ಮಾತ್ರ. ಬೆಳಗ್ಗೆ, ಸಂಜೆ, ಮಧ್ಯರಾತ್ರಿ ಆ ಪಟ್ಟಿಯನ್ನು ಮುದ್ರಿಸಿ ಪೆಟ್ಟಿಗೆಯಲ್ಲಿಡುವ ರೂಢಿ ಇಲ್ಲದಿದ್ದರೆ ಆ ಸಾಲು ಸುಳ್ಳು. ಯೋಜನೆಯಲ್ಲಿ ‘ಪರ್ಯಾಯ ದಾಖಲೆಗಳನ್ನು ಬಳಸುವುದು’ ಎಂದು ಬರೆದು ದಾಟಿಬಿಡಬಹುದು, ಕಾರ್ಡಿನಲ್ಲಿ ಆಗುವುದಿಲ್ಲ. ಪೆಟ್ಟಿಗೆ ಎಲ್ಲಿದೆ, ಒಳಗೇನಿದೆ ಎಂದು ಹೇಳಲೇಬೇಕು.

ಲ್ಯಾಬಿನದೂ ಇಂಥದ್ದೇ ಮಾತು. ಕಂಪ್ಯೂಟರ್ ಕೊಡುತ್ತಿದ್ದ ಸ್ಯಾಂಪಲ್ ನಂಬರಿನ ಬದಲು ಮೊದಲೇ ಮುದ್ರಿಸಿಟ್ಟ ತಾತ್ಕಾಲಿಕ ನಂಬರಿನ ಲೇಬಲ್‌ಗಳು ಬೇಕು, ಇಲ್ಲದಿದ್ದರೆ ಎರಡು ವಾರ್ಡುಗಳಿಂದ ‘ಮಂಜುನಾಥ, 45’ ಎಂದು ಬರೆದ ಎರಡು ರಕ್ತದ ಟ್ಯೂಬ್ ಬಂದು ನಿಲ್ಲುತ್ತವೆ. ಅಪಾಯದ ಫಲಿತಾಂಶವನ್ನು ಫೋನಿನಲ್ಲಿ ಹೇಳಿ, ಕೇಳಿಸಿಕೊಂಡವರಿಂದ ಮತ್ತೆ ಹೇಳಿಸಬೇಕು. ರಿಸೆಪ್ಷನ್ ಮತ್ತು ಕಾವಲಿನವರಿಗೆ ರೋಗಿಯ ಕಡೆಯವರಿಗೆ ಹೇಳಲು ಎರಡು ವಾಕ್ಯ ಸಾಕು: ‘ಕಂಪ್ಯೂಟರ್ ತೊಂದರೆಯಾಗಿದೆ, ಚಿಕಿತ್ಸೆ ನಡೆಯುತ್ತಿದೆ. ಬಿಲ್ ಆಮೇಲೆ ಕೊಡುತ್ತೇವೆ.’

ಸಿಬ್ಬಂದಿಯ ಕಾರ್ಡುಗಳು ಕಾರಣಕ್ಕಲ್ಲ, ಪರಿಣಾಮಕ್ಕೆ ಬರೆದವು ಆಗಿರಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ಬೆಂಗಳೂರೂ ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್‌ಇನ್ ಅಸ್ತವ್ಯಸ್ತವಾಯಿತು, ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ದಾಳಿಯಲ್ಲ. ಐಟಿಯವರ ಪರಿಹಾರವೇ ಬೇರೆ, ಕೌಂಟರಿನಲ್ಲಿದ್ದವರಿಗೆ ಮಾತ್ರ ಸಮಸ್ಯೆ ಒಂದೇ: ಕಂಪ್ಯೂಟರ್ ಇಲ್ಲ, ಸಾಲು ಬೆಳೆಯುತ್ತಿದೆ. ಆದ್ದರಿಂದ ವಾರ್ಡಿಗೆ ‘ರ್‍ಯಾನ್ಸಮ್‌ವೇರ್ ಕಾರ್ಡ್’, ‘ಕರೆಂಟ್ ಕಾರ್ಡ್’, ‘ಪ್ರವಾಹ ಕಾರ್ಡ್’ ಎಂದು ಕಂತೆ ಕಟ್ಟುವುದು ಬೇಡ. ಸಿಸ್ಟಮ್ ಇಲ್ಲ, ಕಟ್ಟಡ ಇಲ್ಲ, ಜನ ಇಲ್ಲ ಎಂಬ ಮೂರು ಸ್ಥಿತಿಗಳಲ್ಲಿ ಹೆಚ್ಚಿನವು ಅಡಕವಾಗುತ್ತವೆ.

ಕಾರ್ಡ್ ಕಾಗದದ್ದೇ ಆಗಿರಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಗಂಟೆಗಟ್ಟಲೆ ನಿಂತಾಗ, ಅದನ್ನು ಸರಿಪಡಿಸಲು ಎಂಜಿನಿಯರುಗಳು ಬಳಸುವ ಒಳಗಿನ ಸಾಧನಗಳೂ ಅದರೊಂದಿಗೇ ನಿಂತಿದ್ದವು. 2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ ದಾಳಿಗೊಳಗಾದ ಬೆಳಗ್ಗೆ ನೌಕರರಿಗೆ ಸುದ್ದಿ ಮುಟ್ಟಿಸಿದ್ದು ಬಾಗಿಲಿಗೆ ಅಂಟಿಸಿದ ಕಾಗದ: ಯಾವ ಸಾಧನವನ್ನೂ ನೆಟ್‌ವರ್ಕಿಗೆ ಜೋಡಿಸಬೇಡಿ. ಅಂಗೈ ಅಗಲದ ಹಾಳೆ, ಒಂದೇ ಮಗ್ಗುಲು, ಏಳೆಂಟು ಸಾಲು, ಕನ್ನಡಕ ಮರೆತವರೂ ಓದುವಷ್ಟು ದೊಡ್ಡ ಅಕ್ಷರ, ಲ್ಯಾಮಿನೇಷನ್. ಕಾರ್ಡಿನ ಮೇಲೆ ಹುದ್ದೆ ಇರಲಿ, ವ್ಯಕ್ತಿಯ ಹೆಸರು ಬೇಡ. ಫೋನ್ ನಂಬರುಗಳಿಗೆ ಬೇರೆ ಹಾಳೆ, ಏಕೆಂದರೆ ಮೊದಲು ಹಳತಾಗುವುದು ಅವೇ.

ಸರಿಯಾಗಿದೆಯೇ ಎಂದು ತಿಳಿಯಲು ಕಳೆದ ವಾರ ಸೇರಿದವರ ಕೈಗೆ ಕಾರ್ಡ್ ಕೊಟ್ಟು, ವಿವರಣೆಯಿಲ್ಲದೆ ‘ಶುರು ಮಾಡಿ’ ಎನ್ನಬೇಕು. ಅವರು ‘ಇದಕ್ಕೆ ಯಾರನ್ನು ಕೇಳಬೇಕು?’ ಎಂದಲ್ಲೆಲ್ಲ ಕಾರ್ಡಿನಲ್ಲಿ ತಪ್ಪಿದೆ. ಇನ್ನೊಂದು ದೋಷ ಎಲ್ಲ ಕಾರ್ಡುಗಳನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿದಾಗಷ್ಟೇ ಕಾಣುತ್ತದೆ: ಐದು ಕಾರ್ಡುಗಳೂ ಮೊದಲ ಹತ್ತು ನಿಮಿಷದಲ್ಲಿ ಸೂಪರ್‌ವೈಸರ್‌ಗೆ ಫೋನ್ ಮಾಡಲು ಹೇಳಿದರೆ ಆ ಫೋನ್ ಯಾವಾಗಲೂ ಬ್ಯುಸಿ. ಪರಿಹಾರ ಸರಳ. ಮೊದಲು ಕಂಡವರು ಮಾತ್ರ ಫೋನ್ ಮಾಡುತ್ತಾರೆ, ಉಳಿದವರ ಬಳಿಗೆ ವಾರ್ಡ್‌ಬಾಯ್ ಓಡುತ್ತಾನೆ.

ರೋಗಿಯ ಉಸಿರು ನಿಂತರೆ ಮಾಡಬೇಕಾದ್ದನ್ನು ಈ ಕಾರ್ಡ್ ಹೇಳುವುದಿಲ್ಲ, ಹಣ ಕೊಡಬೇಕೇ ಬೇಡವೇ ಎಂಬುದನ್ನೂ ಹೇಳುವುದಿಲ್ಲ. 3:10ಕ್ಕೆ ಅದರ ಕೊನೆಯ ಸಾಲು ಬರುತ್ತದೆ: ‘ಈ ಕಾರ್ಡನ್ನು ನಿರ್ದೇಶಕರಿಗೆ ಒಪ್ಪಿಸಿ.’ ಆಗ ದಪ್ಪ ಫೈಲ್ ತೆರೆಯುವ ಹೊತ್ತು. ಭಾರತದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲ್ಯಾಬಿನ ಹುಡುಗಿ 2:10 ಎಂದು ಪೆನ್ನಿನಲ್ಲಿ ಗೀಚಿದ್ದರೆ, ವರದಿ ಬರೆಯುವವರಿಗೆ ಬೆಳಗ್ಗೆ 8:10ರವರೆಗೆ ಸಮಯವಿದೆ.