ಬಣ್ಣವಿಲ್ಲದ ನೆರಳು

ಪೆನ್ಸಿಲ್‌ನ ಗ್ರಾಫೈಟ್, ಸುಟ್ಟ ಕಡ್ಡಿಯ ಇದ್ದಿಲು, ಕಾಡಿಗೆಯಿಂದ ಮಾಡುವ ಇಂಡಿಯನ್ ಇಂಕ್ ಈ ಮೂರರಲ್ಲೂ ಕಪ್ಪು ಕೊಡುವುದು ಇಂಗಾಲವೇ. ಆದರೂ ಒಂದೇ ಮಡಕೆಯನ್ನು ಮೂರರಲ್ಲೂ ಬರೆದರೆ ಮೂರು ಬೇರೆ ಚಿತ್ರಗಳಾಗುತ್ತವೆ. ಆ ಇಂಗಾಲ ಕಾಗದದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದರಿಂದ ಈ ವ್ಯತ್ಯಾಸ ಹುಟ್ಟುತ್ತದೆ.

ಕಾಗದದ ಮೈ ಎಷ್ಟೇ ನುಣುಪಾಗಿ ಕಂಡರೂ ಸಮತಟ್ಟಲ್ಲ. ನಾರುಗಳು ಹೆಣೆದುಕೊಂಡ ಅದರ ಮೈಯಲ್ಲಿ ಸಣ್ಣ ಉಬ್ಬು ತಗ್ಗುಗಳಿರುತ್ತವೆ. ಕಲಾವಿದರು ಇದನ್ನು ಗ್ರೇನ್ ಅಥವಾ ಟೂತ್ ಎನ್ನುತ್ತಾರೆ. ಪೆನ್ಸಿಲ್ ಅಥವಾ ಇದ್ದಿಲನ್ನು ಹಗುರವಾಗಿ ಎಳೆದಾಗ ಉಬ್ಬುಗಳು ಮಾತ್ರ ಕಪ್ಪಾಗುತ್ತವೆ, ತಗ್ಗುಗಳು ಬೆಳ್ಳಗೆ ಉಳಿಯುತ್ತವೆ. ದೂರದಿಂದ ನೋಡುವ ಕಣ್ಣು ಈ ಚುಕ್ಕಿಗಳನ್ನು ಬೆರೆಸಿ ಬೂದು ಎಂದು ಓದಿಕೊಳ್ಳುತ್ತದೆ. ಬಿಳಿಯ ಬಣ್ಣವನ್ನು ಯಾರೂ ಹಚ್ಚಿರುವುದಿಲ್ಲ, ಅದು ಬಿಟ್ಟ ಕಾಗದ.

ಇದನ್ನೇ ಪೂರ್ತಿ ನೆಚ್ಚಿಕೊಂಡವನು ಫ್ರಾನ್ಸ್‌ನ ಜಾರ್ಜ್ ಸ್ಯೂರಾ. 1880ರ ದಶಕದ ಆರಂಭದಲ್ಲಿ ಅವನು ಮಿಶಾಲೆ ಎಂಬ ಒರಟು ಕಾಗದದ ಮೇಲೆ ಕಾಂಟೆ ಕಡ್ಡಿಯಿಂದ ಬರೆದ ಆಕೃತಿಗಳಿಗೆ ಹೊರಗೆರೆಯೇ ಇಲ್ಲ ಎನ್ನಬಹುದು. ಒತ್ತಿದಲ್ಲಿ ತಗ್ಗೂ ತುಂಬಿ ಕಡುಗಪ್ಪು, ತೇಲಿಸಿದಲ್ಲಿ ಮಂಜು.

ಈಗ ಮಡಕೆಗೆ ಬರಬಹುದು. ಎಡಗಡೆಯ ಕಿಟಕಿಯಿಂದ ಬೆಳಕು ಬೀಳುತ್ತಿದೆ. ಎಲ್ಲಕ್ಕಿಂತ ಕಡುನೆರಳು ಬಲ ಅಂಚಿನಲ್ಲಿರುವುದಿಲ್ಲ, ಅಂಚಿಗಿಂತ ಸ್ವಲ್ಪ ಒಳಗಿರುತ್ತದೆ. ಮೇಜಿನಿಂದಲೋ ಗೋಡೆಯಿಂದಲೋ ಮರಳಿ ಬಂದ ಬೆಳಕು ಅಂಚನ್ನು ತುಸು ತಿಳಿಯಾಗಿಸುತ್ತದೆ. ಈ ಪಟ್ಟಿಯನ್ನು ಮರೆತು ಅಂಚಿನವರೆಗೂ ಕಪ್ಪು ತುಂಬಿದರೆ ಮಡಕೆ ದುಂಡಗಾಗುವುದಿಲ್ಲ, ತಟ್ಟೆಯಂತೆ ಚಪ್ಪಟೆಯಾಗುತ್ತದೆ.

ಶಾಯಿಯಲ್ಲಿ ಈ ನೆರಳನ್ನು ಹ್ಯಾಚಿಂಗ್‌ನಿಂದಲೇ, ಅಂದರೆ ಒತ್ತೊತ್ತಾಗಿ ಎಳೆದ ಗೆರೆಗಳಿಂದಲೇ ಕಟ್ಟಬೇಕು. ನಿಬ್ಬಿನ ಶಾಯಿ ತೆಳುವಾಗುವುದಿಲ್ಲ, ಗೆರೆ ಬಿದ್ದರೆ ಕಪ್ಪು, ಇಲ್ಲದಿದ್ದರೆ ಬಿಳುಪು. ನೀರು ಬೆರೆಸಿ ಕುಂಚದಲ್ಲಿ ಬಳಿಯುವ ದಾರಿಯೂ ಇದೆ, ಅದರ ಕಥೆ ಬೇರೆ. ಮೊದಲು ನೆರಳಿನ ಭಾಗಕ್ಕೆಲ್ಲ ಮಡಕೆಯ ಹೊಟ್ಟೆಯ ಬಾಗನ್ನು ಅನುಸರಿಸುವ ಒಂದು ಸುತ್ತು ಗೆರೆ ಹಾಕುತ್ತಾರೆ. ಅದು ಒಣಗಿದ ಮೇಲೆ ಕಡುನೆರಳಿರುವ ಕಡೆ ಮಾತ್ರ ಓರೆಯಾಗಿ ಎರಡನೆಯ ಸುತ್ತು, ಅದಕ್ಕೂ ಒಳಗಿನ ಕಿರಿದಾದ ಜಾಗದಲ್ಲಿ ಮೂರನೆಯದು. ಮರುಬೆಳಕಿನ ಪಟ್ಟಿಗೆ ಮೊದಲ ಸುತ್ತೇ ಸಾಕು. ಎರಡನೆಯ ಗೆರೆಗಳು ಮೊದಲನೆಯವನ್ನು ನೇರ ಅಡ್ಡಕ್ಕೆ ಕತ್ತರಿಸಿದರೆ ಸೊಳ್ಳೆಪರದೆಯಂಥ ಚೌಕಗಳು ಎದ್ದು ಕಂಡು, ಕಣ್ಣು ಮಡಕೆಯನ್ನು ಬಿಟ್ಟು ಅವನ್ನೇ ನೋಡುತ್ತದೆ. ಕೋನ ಕಿರಿದಾಗಿದ್ದರೆ ಗೆರೆಗಳು ನೆರಳಿನೊಳಗೆ ಅಡಗುತ್ತವೆ. ಮೊದಲ ಸುತ್ತು ಒಣಗುವ ಮೊದಲೇ ಆತುರಪಟ್ಟರೆ ಗೆರೆ ಗೆರೆ ಕೂಡಿದಲ್ಲೆಲ್ಲ ಶಾಯಿ ತೊಟ್ಟಾಗಿ ನಿಲ್ಲುತ್ತದೆ. ಶಾಯಿ ನಾರಿನೊಳಗೆ ಇಳಿಯುವುದರಿಂದ ಅಳಿಸುವ ಮಾತಿಲ್ಲ. ಒರಟು ಕಾಗದವೂ ಇಲ್ಲಿ ಹಿತವಲ್ಲ, ನಿಬ್ಬಿನ ತುದಿ ನಾರಿಗೆ ಸಿಕ್ಕಿಕೊಂಡು ಶಾಯಿ ಚಿಮ್ಮುತ್ತದೆ.

ಇದ್ದಿಲಿನ ಗುಣ ತದ್ವಿರುದ್ಧ. ಗಾಳಿಯಾಡದಂತೆ ಸುಟ್ಟ ವಿಲ್ಲೊ ಕಡ್ಡಿಯ ಪುಡಿ ಕಾಗದಕ್ಕೆ ಅಂಟಿಕೊಳ್ಳುವುದೇ ಇಲ್ಲ, ತಗ್ಗುಗಳಲ್ಲಿ ಸುಮ್ಮನೆ ಕೂತಿರುತ್ತದೆ. ನುಣುಪು ಕಾಗದದಲ್ಲಿ ಕೂರಲು ಜಾಗವಿಲ್ಲದೆ ಉದುರಿಹೋಗುತ್ತದೆ. ಮಡಕೆಯ ನೆರಳಿಗೆ ಕಡ್ಡಿಯನ್ನು ಅಡ್ಡವಾಗಿ ಹಿಡಿದು ಬಳಿದು, ಬಟ್ಟೆಯಿಂದಲೋ ಕಾಗದ ಸುತ್ತಿ ಮಾಡಿದ ಸ್ಟಂಪ್‌ನಿಂದಲೋ ಬೆಳಕಿನ ಕಡೆಗೆ ಸವರಿದರೆ ಪುಡಿ ತಗ್ಗುಗಳಿಗೆ ಹರಡಿ ಚುಕ್ಕಿಗಳು ಮಾಯವಾಗುತ್ತವೆ, ದುಂಡುತನ ಬರುತ್ತದೆ. ಹಿಟ್ಟಿನಂತೆ ನಾದಬಲ್ಲ ರಬ್ಬರನ್ನು ಒತ್ತಿ ಎತ್ತಿದರೆ ಮಡಕೆಯ ಕತ್ತಿನ ಹೊಳಪು ಮರಳುತ್ತದೆ. ಸವರುವುದಕ್ಕೆ ಮಿತಿಯುಂಟು. ತಗ್ಗುಗಳೆಲ್ಲ ತುಂಬಿದ ಮೇಲೆ ಕಾಗದ ಹೊಸ ಪುಡಿಯನ್ನು ಹಿಡಿಯುವುದಿಲ್ಲ, ಕಪ್ಪು ಹೋಗಿ ಕೊಳಕು ಬೂದು ಉಳಿಯುತ್ತದೆ. ಹೊಸಬರು ಕೈಬೆರಳಿನಿಂದ ಒರೆಸುತ್ತಾರೆ, ಚರ್ಮದ ಜಿಡ್ಡು ತಗುಲಿದ ಕಡೆ ಅಳಿಸಲಾಗದ ಕಲೆ ನಿಲ್ಲುತ್ತದೆ. ಮುಗಿದ ಚಿತ್ರಕ್ಕೆ ಫಿಕ್ಸೆಟಿವ್ ಸಿಂಪಡಿಸದಿದ್ದರೆ ಅಂಗಿಯ ತೋಳು ತಾಕಿದರೂ ಸಾಕು, ಮಡಕೆ ಅಳಿಸಿಹೋಗುತ್ತದೆ.

ಪೆನ್ಸಿಲ್ ಇವೆರಡರ ನಡುವಿನದು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನವನ್ನು ಫ್ರಾನ್ಸ್‌ನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಕಂಡುಕೊಂಡ. ಮಣ್ಣು ಹೆಚ್ಚಾದರೆ ತಿಳಿಗೆರೆಯ ಗಟ್ಟಿ ಎಚ್, ಕಡಿಮೆಯಾದರೆ ಕಪ್ಪಾದ ಮೆದು ಬಿ. ಗೆರೆಯಾಗಿಯೂ ಎಳೆಯಬಹುದು, ಸವರಲೂಬಹುದು. ಆದರೆ ಇದ್ದಿಲಿನಷ್ಟು ಕಪ್ಪು ಇದರಿಂದ ಬರುವುದಿಲ್ಲ. ಗ್ರಾಫೈಟ್‌ನ ಕಣಗಳು ಚಪ್ಪಟೆ ಹಾಳೆಗಳು, ಜೋರಾಗಿ ಒತ್ತಿದಷ್ಟೂ ಒಂದರ ಮೇಲೊಂದು ಮಲಗಿ ಕನ್ನಡಿಯಾಗುತ್ತವೆ. ಹಾಗಾಗಿ ಮಡಕೆಯ ಕಡುನೆರಳು ಓರೆಯಿಂದ ನೋಡಿದಾಗ ಬೆಳ್ಳಗೆ ಮಿನುಗುತ್ತದೆ. ಇದ್ದಿಲಿನ ಒರಟು ಕಣಗಳು ಬೆಳಕನ್ನು ನುಂಗಿಕೊಳ್ಳುತ್ತವೆ. ಕೈಗೆ ಸಿಕ್ಕ ಹಳೆಯ ಚಿತ್ರ ಪೆನ್ಸಿಲ್‌ನದೋ ಇದ್ದಿಲಿನದೋ ಎಂಬ ಅನುಮಾನ ಬಂದರೆ ಅದನ್ನು ದೀಪದ ಎದುರು ಸ್ವಲ್ಪ ಓರೆಮಾಡಿದರೆ ತಿಳಿಯುತ್ತದೆ.